ಮಣ್ಣಿನ ದಿನದ ಊಟವೂ ತಾಮು ಕಳಿಸಿದ ಸುದ್ದಿಯೂ

ತಾಮು ಗುಂಡಿ ಹೆಣೆಯುವವಳು. ಸೆಫ್ರೂವಿನ ಹಳೇ ಊರಿನ ಹೆಂಗಸರಿಗೆ ಇದೇನು ಹೊಸ ಕಸುಬಲ್ಲ. ಬಿಸಿಲು ಓಣಿಯ ಗೋಡೆಯಿಂದ ಕೆಳಗಿಳಿಯುವ ಹೊತ್ತಿಗೆ ಹೊಸ್ತಿಲ ಮೇಲೆ ಕೂತು, ನಿಲುವಂಗಿಯ ಎದೆಯುದ್ದಕ್ಕೂ ಬರುವ ಪುಟ್ಟ ರೇಷ್ಮೆ ಗುಂಡಿಗಳನ್ನು ಸೂಜಿಯಲ್ಲಿ ಹೆಣೆಯುತ್ತಾರೆ. ಕೈ ಅದರ ಪಾಡಿಗೆ ಅದು, ಬಾಯಿ ಅದರ ಪಾಡಿಗೆ ಅದು. ತಾಮುವಿನ ಕೈ ಅಷ್ಟೇನೂ ಚುರುಕಲ್ಲ. ಅವಳ ಹೆಸರು ಇದ್ದದ್ದು ಬಾಯಿಯಲ್ಲಿ. ಹಾಗಂದರೆ ಜಗಳಗಂಟಿ ಎಂದಲ್ಲ. ಅವಳು ಒಂದು ಸುದ್ದಿ ಹೇಳಿದಳೆಂದರೆ ಕೇಳಿದವರು ಮರಳಿ ಕೇಳಬೇಕಾಗಿರಲಿಲ್ಲ. ಮದುವೆಯೋ, ಮಗುವಿಗೆ ಹೆಸರಿಡುವುದೋ, ಸಾವೋ, ದೂರದೂರಿನ ನೆಂಟರಿಗೆ ತಿಳಿಸಬೇಕಾದಾಗ ಮನೆಯವರು ಫೋನನ್ನು ತಾಮುವಿನ ಕೈಗೇ ಕೊಡುತ್ತಿದ್ದರು. ಬರೆಯಲು ಅವಳಿಗೆ ಬಾರದು. ಫೋನಿನ ಮೇಲೆ ಬೆರಳೊತ್ತಿ ಹಿಡಿದು ಮಾತಾಡುತ್ತಾಳೆ, ಬೆರಳು ತೆಗೆದರೆ ಮಾತು ಹೊರಟುಹೋಗುತ್ತದೆ. ಕಾಸಾಬ್ಲಾಂಕಾದಲ್ಲಿ, ಊಜ್ದಾದಲ್ಲಿ, ಫ್ರಾನ್ಸಿನಲ್ಲಿ ಇರುವ ಎಲ್ಲರ ಕಿವಿಗೂ ಒಂದೇ ಸಲಕ್ಕೆ ಬೀಳುತ್ತದೆ.

ಅವಳ ಅತ್ತೆ ಲಲ್ಲಾ ಹನಿಯಾ ಬೆಳಗಿನ ಬಾಂಗಿನ ಹೊತ್ತಿಗೆ ತೀರಿಕೊಂಡಳು. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ ಮುದುಕಿ. ಮಗ, ಎಂದರೆ ತಾಮುವಿನ ಗಂಡ ಲಾರ್ಬಿ, ತಾಯಿಗಿಂತ ಮೊದಲೇ ಹೋಗಿದ್ದ. ಗಂಡ ಹೋದ ಮೇಲೂ ತಾಮು ಆ ಮನೆ ಬಿಡಲಿಲ್ಲ. ಅತ್ತೆಯ ಬಾಯಿಗೆ ಸೂಪು ಹಾಕಿದವಳು, ಮಗ್ಗುಲು ಬದಲಿಸಿದವಳು, ಕೊನೆಗೆ ಕಣ್ಣು ಮುಚ್ಚಿ ಗಲ್ಲಕ್ಕೆ ಬಟ್ಟೆ ಕಟ್ಟಿದವಳು ಅವಳೇ. ಹಗಲಾಗುತ್ತಿದ್ದಂತೆ ಮೈದುನ ಮೌಲೂದ್ ಬಂದ. ಕಾಗದ ಪತ್ರ, ಗೋರಿ ತೋಡುವವರು, ಮಸೀದಿ ಇವೆಲ್ಲ ತನ್ನದು ಎಂದು ಹೇಳಿ, ಫೋನು ತೋರಿಸಿ, ಉಳಿದದ್ದು ನಿನ್ನದು ಅತ್ತಿಗೆ ಎಂದು ಹೊರಟುಹೋದ.

ತಾಮು ಅಡುಗೆಮನೆಯ ಬಾಗಿಲು ಹಾಕಿಕೊಂಡು ನಿಂತಳು. ಒಲೆ ತಣ್ಣಗಿತ್ತು, ಇನ್ನು ಅದನ್ನು ಹಚ್ಚುವಂತೆಯೂ ಇರಲಿಲ್ಲ. ಸಾವಾದ ಮನೆಯಲ್ಲಿ ಬೆಂಕಿ ಕಾಣಿಸುವುದಿಲ್ಲ. ಆ ದಿನದ ಊಟ ಓಣಿಯವರದ್ದು. ಒಬ್ಬರ ಮನೆಯಿಂದ ಹಬೆಯಲ್ಲಿ ಬೇಯಿಸಿದ ಗೋಧಿ ರವೆಯ ಕುಸ್‌ಕುಸ್, ಇನ್ನೊಬ್ಬರ ಮನೆಯಿಂದ ರೊಟ್ಟಿ, ಮತ್ತೊಬ್ಬರ ಮನೆಯಿಂದ ಚಹಾ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಸಂಜೆಯಾದರೆ ತಟ್ಟೆ ಬಾಗಿಲಿಗೆ ಬರುತ್ತದೆ. ಮೂರನೇ ದಿನ ಮನೆಯವರು ತಾವು ಬೇಯಿಸಿ ಊರಿಗೆ ಹಾಕುತ್ತಾರೆ. ತಾಮುವಿಗೆ ಇದು ಗೊತ್ತಿಲ್ಲದ್ದೇನಲ್ಲ. ಆ ಓಣಿಯಲ್ಲಿ ಎಷ್ಟೋ ಸಾವಿಗೆ ಅವಳೂ ತಟ್ಟೆ ಹೊತ್ತಿದ್ದಳು.

ಆದರೆ ಆ ಬೆಳಿಗ್ಗೆ ಅವಳ ಕಿವಿಯಲ್ಲಿ ಇನ್ನೊಂದು ದನಿ ಕೂತಿತ್ತು. ಲಾರ್ಬಿ ಸತ್ತಾಗ ಕಾಸಾಬ್ಲಾಂಕಾದಿಂದ ಬಂದಿದ್ದ ನಾದಿನಿ ಬತೂಲ್, ತಿರುಗಿ ಹೋದ ಮೇಲೆ ಅಲ್ಲಿ ಯಾರ ಬಳಿಯೋ ಆಡಿದ ಮಾತು. ನನ್ನ ಅಣ್ಣನ ಮಣ್ಣಿನ ದಿನ ನಮಗೆ ಬಡಿಸಿದ್ದು ಏನು ಗೊತ್ತಾ, ಹೂಕೋಸಿನ ಕುಸ್‌ಕುಸ್, ಒಂದರಲ್ಲಿ ಉಪ್ಪಿಲ್ಲ, ಇನ್ನೊಂದರಲ್ಲಿ ಬರೀ ಉಪ್ಪು, ಮಾಂಸದ ವಾಸನೆ ಕೂಡ ಇಲ್ಲ. ಆ ಮಾತು ಊರೂರು ತಿರುಗಿ ತಾಮುವಿನ ಹತ್ತಿರ ಬಂದಿತ್ತು. ಬಿಳಿ ಬಟ್ಟೆ ಉಟ್ಟು ಗಂಡನ ಸೂತಕ ಹಿಡಿದು ಕೂತಿದ್ದವಳು ಅವಳು. ಆ ಬಿಳಿ ಬಟ್ಟೆಯ ಮೇಲೇ ಯಾರೋ ಕೆಸರು ಎಸೆದಂತಾಗಿತ್ತು. ಈ ಸಲ ಹಾಗಾಗಕೂಡದು ಎಂದು ಅತ್ತೆ ಹಾಸಿಗೆ ಹಿಡಿದಾಗಲೇ ಅವಳು ನಿಶ್ಚಯಿಸಿದ್ದಳು. ಮದುವೆ ಮನೆಗಳಿಗೆ ಅಡುಗೆ ಮಾಡಿ ಕೊಡುವ ಸಿ ಅಲ್ಲಾಲನನ್ನು ಒಂದು ಮದುವೆಯಲ್ಲಿ ಕಂಡು, ನಮ್ಮ ಮನೆಗೂ ಒಂದು ದಿನ ಬೇಕಾಗುತ್ತೆ ಎಂದಿದ್ದಳು. ಅವನು ಕೈ ಎದೆಗಿಟ್ಟು, ಅಲ್ಲಾಹು ಸುಲಭ ಮಾಡಲಿ ಎಂದಿದ್ದ. ಅಷ್ಟನ್ನೇ ಅವಳು ಒಪ್ಪಿಗೆ ಎಂದುಕೊಂಡಿದ್ದಳು.

ಬೆರಳೊತ್ತಿ ಹಿಡಿದು ಹೇಳತೊಡಗಿದಳು.

"ನಾವು ಅಲ್ಲಾಹನವರು, ಅವನ ಕಡೆಗೇ ಮರಳೋರು. ನಮ್ಮತ್ತೆ ಲಲ್ಲಾ ಹನಿಯಾ ಬೆಳಗಿನ ಬಾಂಗು ಕೇಳ್ತಾ ಹೋದ್ರು. ನೋವು ಪಡಲಿಲ್ಲ. ಜನಾಜಾ ಇವತ್ತೇ, ದೊಡ್ಡ ಮಸೀದೀಲಿ, ಮಧ್ಯಾಹ್ನ ಇಳಿದ ಮೇಲೆ, ಅಸರ್ ನಮಾಜು ಆದ ಕೂಡಲೇ. ಗಡಿಯಾರ ನೋಡಬೇಡಿ, ಬಾಂಗನ್ನ ನಂಬಿ. ಕಾಸಾದಿಂದ ಬರೋರು ಈಗ್ಲೇ ಹೊರಡಿ. ಫೆಸ್‌ನಲ್ಲಿ ರೈಲಿಳಿದು ಸೆಫ್ರೂ ಟ್ಯಾಕ್ಸಿ ನಿಲ್ದಾಣಕ್ಕೆ ಬನ್ನಿ, ಆರು ಜನ ತುಂಬೋವರೆಗೂ ಅವನು ಗಾಡಿ ಬಿಡಲ್ಲ, ಅದನ್ನ ಲೆಕ್ಕದಲ್ಲಿಟ್ಕೊಳ್ಳಿ. ಸೆಫ್ರೂವಿನಲ್ಲಿ ಸೇತುವೆ ಹತ್ರ ಇಳೀರಿ. ಕೋಟೆ ಬಾಗಿಲಿನಿಂದ ಒಳಗೆ ಬಂದು ಊರ ರೊಟ್ಟಿ ಒಲೆಯ ಬಲಕ್ಕೆ ತಿರುಗಿದರೆ ನಮ್ಮ ಓಣಿ. ಚಕ್ರದ ಪೆಟ್ಟಿಗೆ ತರಬೇಡಿ, ಕಲ್ಲಿನ ಮೇಲೆ ಉರುಳಲ್ಲ. ಗಂಡಸರು ತಡ ಆದ್ರೆ ಮನೆಗೆ ಬರಬೇಡಿ, ನೆಟ್ಟಗೆ ಕಬರಸ್ಥಾನಕ್ಕೆ ಹೋಗಿ. ಹೆಂಗಸರು ಮನೆಗೆ. ನಮ್ಮಲ್ಲಿ ಹೆಂಗಸರು ಇವತ್ತು ಮಣ್ಣಿಗೆ ಹೋಗಲ್ಲ, ಮೂರನೇ ದಿನ ಬೆಳಿಗ್ಗೆ ಹೋಗೋದು, ಹೊಸ ಸೊಸೆಯಂದಿರಿಗೆ ಹೇಳಿಬಿಡಿ. ಮುಖ ನೋಡೋದಿದ್ರೆ ಅಸರ್ ಬಾಂಗಿನೊಳಗೆ ಬನ್ನಿ. ಸಾದಾ ಬಟ್ಟೆ, ಅತ್ತರು ಬೇಡ, ಕಾಡಿಗೆ ಬೇಡ, ಎದೆ ಬಡ್ಕೊಂಡು ಅಳೋದು ಬೇಡ. ಹೂವು ಯಾರೂ ತರಬೇಡಿ, ಇಲ್ಲಿ ಅದನ್ನ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ. ಚಹಾಕ್ಕೆ ಸಕ್ಕರೆ ಅಚ್ಚು ತಂದರೆ ಸಾಕು. ರಾತ್ರಿ ಚಳಿ, ಒಂದೊಂದು ಕಂಬಳಿ ತನ್ನಿ."

ಇಲ್ಲಿಗೆ ಬೆರಳು ತೆಗೆದಿದ್ದರೆ ಅದು ತಾಮು ಕಳಿಸಿದ ಸುದ್ದಿಗಳಲ್ಲೆಲ್ಲ ಒಳ್ಳೆಯ ಸುದ್ದಿಯಾಗಿರುತ್ತಿತ್ತು. ಅವಳು ತೆಗೆಯಲಿಲ್ಲ.

"ಊಟದ ಚಿಂತೆ ಬೇಡ. ಸಿ ಅಲ್ಲಾಲ್‌ಗೆ ಹೇಳಿದೀನಿ, ಕುರಿಮಾಂಸ, ಒಣ ಪ್ಲಮ್, ಎಲ್ಲಾ ಅವನದೇ. ಹೋದ ಸಲದ ಹಾಗೆ ಈ ಮನೆಯ ಹೂಕೋಸು, ಆ ಮನೆಯ ಉಪ್ಪಿಲ್ಲದ ಕುಸ್‌ಕುಸ್ ನಿಮ್ಮ ಮುಂದೆ ಇಡಲ್ಲ. ಆ ನಾಚಿಕೆ ಒಂದು ಸಲಕ್ಕೇ ಸಾಕು."

ಬೆರಳು ತೆಗೆದಳು. ಮಾತು ಹೋಯಿತು.

ಕಾಸಾಬ್ಲಾಂಕಾದಲ್ಲಿ ಬತೂಲಳ ಮಗಳು ಘಿಜ್ಲಾನ್ ಅದನ್ನು ಕೇಳಿ ಅತ್ತಳು. ಅಜ್ಜಿಯ ಮುದ್ದಿನ ಮೊಮ್ಮಗಳು ಅವಳು. ಅದೇ ಬೀದಿಯಲ್ಲಿ ಸೆಫ್ರೂವಿನಿಂದ ಮದುವೆಯಾಗಿ ಬಂದ ಇನ್ನೊಬ್ಬಳಿದ್ದಾಳೆ, ತಾಮುವಿನ ಎದುರು ಮನೆಯ ಹಾಜ್ಜಾ ಯಮ್ನಾಳ ಮಗಳು. ಅವಳಿಗೂ ಬರುವ ಆಸೆ. ಎಷ್ಟು ಹೊತ್ತಿಗೆ, ಎಲ್ಲಿಗೆ ಎಂದು ಕೇಳಿದಳು. ಘಿಜ್ಲಾನ್ ತಾನು ಬಾಯಲ್ಲಿ ಹೇಳುವುದೇಕೆಂದು ತಾಮುವಿನ ಸುದ್ದಿಯನ್ನೇ ಅವಳಿಗೆ ದಾಟಿಸಿದಳು. ಅವಳು ತಾಯಿಗೆ ಕಳಿಸಿದಳು. ತಾಯಿ ಅದನ್ನು ಅಡುಗೆಮನೆಯಲ್ಲಿ, ಕಡಲೆ ನೆನೆಹಾಕುತ್ತ ಕೇಳಿದಳು.

ತಾಮುವಿಗೆ ಇದೊಂದೂ ಗೊತ್ತಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಯಮ್ನಾ ತೋಳು ಮಡಿಚಿಕೊಂಡು ಬಂದಳು, ಜೊತೆಗೆ ಓಣಿಯ ಇನ್ನಿಬ್ಬರು ಹಿರಿಯ ಹೆಂಗಸರು. ಬರಕತ್ತು ನಿಮ್ಮ ತಲೆಯ ಮೇಲಿರಲಿ ಎಂದು ಸಂತಾಪ ಹೇಳಿದರು. ನಿಮಗೆ ಕೆಡುಕು ಬಾರದಿರಲಿ ಎಂದು ತಾಮು ಉತ್ತರ ಕೊಟ್ಟಳು. ಲಲ್ಲಾ ಹನಿಯಾಳನ್ನು ತೊಳೆದದ್ದು ಯಮ್ನಾಳೇ. ಬೆಚ್ಚಗಿನ ನೀರು ಬಲಗಡೆಯಿಂದ ಸುರಿದು, ಜಡೆ ಬಿಚ್ಚಿ ಮತ್ತೆ ಹೆಣೆದು, ಕರ್ಪೂರದ ನೀರು ಚಿಮುಕಿಸಿ, ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಮಾಡಿಸಿದಳು. ಹೆಣಕ್ಕೆ ಸುತ್ತಿದ ಕಫನಿನ ಗಂಟು ಕಟ್ಟುವಾಗ ತಾಮು ಎದುರಿಗಿದ್ದಳು. ಯಮ್ನಾ ಸತ್ತವಳ ಜೊತೆ ಎರಡು ಮಾತಾಡಿದಳು, ನೀರು ಕೊಡುವವಳ ಜೊತೆ ಮಾತಾಡಿದಳು. ತಾಮುವಿನ ಜೊತೆ ಮಾತಾಡಲಿಲ್ಲ. ದುಃಖ ಎಂದುಕೊಂಡಳು ತಾಮು. ಯಮ್ನಾಳದೂ ಅತ್ತೆಯದೂ ನಲವತ್ತು ವರ್ಷದ ನೆರೆ, ಎರಡೂ ಮನೆಯ ಬಾಗಿಲು ತೆರೆದರೆ ಒಂದೇ ಮನೆ.

ಕೈ ತೊಳೆದುಕೊಂಡು ಯಮ್ನಾ, ನಮ್ಮ ಕೆಲಸ ಮುಗೀತು ಎಂದು ಹೊರಟಳು. ಆ ಮಾತು ತಾಮುವಿಗೆ ಸ್ವಲ್ಪ ವಿಚಿತ್ರವಾಗಿ ಕೇಳಿಸಿತು.

ಆಮೇಲೆ ಅವಳು ಸಿ ಅಲ್ಲಾಲನಿಗೆ ಫೋನು ಮಾಡಿದಳು. ಅವನು ಹಳ್ಳಿಯೊಂದರ ಮದುವೆಗೆ ಪಾತ್ರೆ ಹೇರಿಕೊಂಡು ಹೋಗುವ ದಾರಿಯಲ್ಲಿದ್ದ. ಸಾವಿನ ಸುದ್ದಿ ಕೇಳಿ ಗಾಡಿ ನಿಲ್ಲಿಸಿ, ನಾಲ್ಕು ಒಳ್ಳೆಯ ಮಾತು ಹೇಳಿದ. ಇವತ್ತು ರಾತ್ರಿಗೇ ಊಟ ಬೇಕು ಎಂದಳು ತಾಮು. ಅವನಿಗೆ ಅರ್ಥವಾಗಲಿಲ್ಲ. ಮೂರನೇ ದಿನಕ್ಕೆ ಖಂಡಿತ ಬರ್ತೀನಿ ಲಲ್ಲಾ ತಾಮು ಎಂದ. ಮಣ್ಣಿನ ದಿನಕ್ಕೆ ನನ್ನನ್ನ ಇದುವರೆಗೂ ಯಾರೂ ಕರೆದಿಲ್ಲ, ಆ ದಿನದ ಊಟ ನೆರೆಯವರದ್ದಲ್ಲವಾ, ನಿಮ್ಮ ಓಣೀಲಿ ಏನಾದರೂ ಆಗಿದೆಯಾ ಎಂದೂ ಕೇಳಿದ. ಕೇಳಿದ್ದು ಕಾಳಜಿಯಿಂದಲೇ. ತಾಮು, ಏನಿಲ್ಲ, ಏನಿಲ್ಲ ಎಂದು ಫೋನು ಇಟ್ಟಳು.

ಮನಸ್ಸಿಗೆ ಹೇಳಿಕೊಂಡಳು: ಹೋಗಲಿ, ಓಣಿಯವರು ಹೇಗೂ ತರುತ್ತಾರೆ. ನೆಂಟರ ಮುಂದೆ ಒಂದು ಮಾತು ತಪ್ಪಿತು, ಅಷ್ಟೇ. ಹಾಗೆಂದುಕೊಂಡು ಬಾಗಿಲಿಗೆ ಬಂದು ನಿಂತಳು. ಓಣಿ ತಣ್ಣಗಿತ್ತು. ಸಾವಾದ ದಿನ ಈ ಹೊತ್ತಿಗೆ ಪ್ರತಿ ಬಾಗಿಲಿನಿಂದಲೂ ಈರುಳ್ಳಿ ಬಾಡಿಸುವ ವಾಸನೆ ಬರಬೇಕು, ಹಬೆ ಪಾತ್ರೆಯ ಸದ್ದು ಕೇಳಬೇಕು, ನಿಮ್ಮಲ್ಲಿ ಶುಂಠಿ ಇದೆಯಾ ಎಂದು ಮಹಡಿಯಿಂದ ಮಹಡಿಗೆ ಕೂಗಬೇಕು. ಒಂದೂ ಇಲ್ಲ. ಮೂಲೆಮನೆಯ ರಹ್ಮಾ ಸಕ್ಕರೆ ಅಚ್ಚು ತಂದು ಕೈಗೆ ಕೊಟ್ಟಳು, ಎರಡೂ ಕೈಯಲ್ಲಿ, ತುಂಬ ಮರ್ಯಾದೆಯಿಂದ. ಸುದ್ದಿ ಕೇಳಿದ್ವಿ, ನಿನ್ನ ದನಿಯಲ್ಲೇ ಕೇಳಿದ್ವಿ ಎಂದಳು. ಆಮೇಲೆ, ಕುರಿಮಾಂಸಕ್ಕೆ ಒಣ ಪ್ಲಮ್ ಒಳ್ಳೇದು, ಸತ್ತವರಿಗೂ ಪುಣ್ಯ ಎಂದು ತಲೆಯ ಬಟ್ಟೆ ಸರಿ ಮಾಡಿಕೊಂಡು ಹೋದಳು.

ತನ್ನ ಮಾತು ಓಣಿಗೂ ತಲುಪಿದೆ ಎಂದು ತಾಮುವಿಗೆ ಆಗ ಹೊಳೆಯಿತು. ಸಕ್ಕರೆ ಅಚ್ಚನ್ನು ಎದೆಗೆ ಅವಚಿಕೊಂಡೇ ಒಳಗೆ ಬಂದು ಅತ್ತೆಯ ಕಾಲ ಬಳಿ ಕೂತಳು. ಯಾರ್ಯಾರು ಕೇಳಿರಬಹುದು ಎಂದು ಒಂದೊಂದು ಬಾಗಿಲನ್ನೂ ನೆನೆದಳು. ಹೂಕೋಸಿನ ಕುಸ್‌ಕುಸ್ ಯಮ್ನಾಳದು. ಆ ವಾರ ಯಮ್ನಾಳ ಗಂಡನಿಗೆ ಕೆಲಸವಿರಲಿಲ್ಲ. ಆದರೂ ಎಲ್ಲರಿಗಿಂತ ಮೊದಲು ಬಂದದ್ದು, ಎಲ್ಲಕ್ಕಿಂತ ದೊಡ್ಡದಾಗಿದ್ದದ್ದು ಅವಳ ತಟ್ಟೆಯೇ. ಉಪ್ಪಿಲ್ಲದ್ದು ರಹ್ಮಾಳದು, ಅವಳಿಗೆ ರಕ್ತದೊತ್ತಡ, ಮನೆಯಲ್ಲಿ ಉಪ್ಪು ಹಾಕುವುದೇ ಇಲ್ಲ. ತಾಮುವಿಗೆ ಆಗಲೂ ಇದು ಗೊತ್ತಿತ್ತು. ಆ ದಿನ ಅವಳು ಅದನ್ನು ಹಸಿದು ತಿಂದಿದ್ದಳು, ಕಣ್ಣೀರು ಬಿದ್ದರೂ ಬಿಡದೆ ತಿಂದಿದ್ದಳು. ನಾಚಿಕೆ ಎಂದು ಅದಕ್ಕೆ ಹೆಸರಿಟ್ಟದ್ದು ಬತೂಲ್, ಆ ಹೆಸರನ್ನು ಊರಿಗೆಲ್ಲ ಕೂಗಿದ್ದು ತಾನು.

ಅತ್ತೆಯ ಮುಖ ನೋಡಲು ಅವಳಿಗೆ ಆಗಲಿಲ್ಲ. ಲಲ್ಲಾ ಹನಿಯಾ ಆ ಓಣಿಗೆ ಮದುವೆಯಾಗಿ ಬಂದವಳು, ಅಲ್ಲಿಂದಲೇ ಹೊರಡುತ್ತಿದ್ದಾಳೆ. ಇವತ್ತು ರಾತ್ರಿ ಅವಳ ಮನೆಯಲ್ಲಿ ಕುರಾನ್ ಓದುವವರು ಕೂರುತ್ತಾರೆ, ರೈಲು ಹತ್ತಿ ಬಂದವರು ಕೂರುತ್ತಾರೆ, ಅವರ ಮುಂದೆ ಇಡಲು ಒಂದು ತಟ್ಟೆಯೂ ಬರುವುದಿಲ್ಲ. ಈ ಮುದುಕಿಗೆ ನೆರೆಯೇ ಇರಲಿಲ್ಲವೇನೋ ಎಂದುಕೊಂಡು ಅವರು ತಿರುಗಿ ಹೋಗುತ್ತಾರೆ. ಎರಡು ವರ್ಷ ಸೇವೆ ಮಾಡಿ ಕೊನೆಯ ದಿನ ತಾನು ಅತ್ತೆಗೆ ಕೊಟ್ಟದ್ದು ಇದು.

ಹೋಟೆಲಿನಿಂದ ತರಿಸಬಹುದಿತ್ತು. ಮೌಲೂದನಿಗೆ ಒಂದು ಮಾತು ಹೇಳಿದರೆ ಕೋಳಿ ಸುಡುವವನ ಅಂಗಡಿಯಿಂದ ಹೊತ್ತು ತರುತ್ತಿದ್ದ. ಆದರೆ ಹಾಗೆ ಮಾಡಿದರೆ ಎದುರು ಬಾಗಿಲು ಮತ್ತೆ ಎಂದೂ ತೆರೆಯದು. ತಾಮು ಎದ್ದಳು. ಅಸರ್ ಬಾಂಗಿಗೆ ಇನ್ನೂ ಹೊತ್ತಿತ್ತು. ಸಾವಿನ ಮನೆಯ ಹೆಂಗಸು ಹೆಣ ಎತ್ತುವ ಮೊದಲು ಹೊಸ್ತಿಲು ದಾಟುವುದನ್ನು ಆ ಓಣಿ ನೋಡಿರಲಿಲ್ಲ. ಅಲ್ಲಿದ್ದವರೆಲ್ಲ ನೋಡುತ್ತಿದ್ದಂತೆ ಅವಳು ಓಣಿಗೆ ಇಳಿದು ಎದುರು ಬಾಗಿಲು ತಟ್ಟಿದಳು.

ಯಮ್ನಾ ಅಡುಗೆಮನೆಯಲ್ಲೇ ಇದ್ದಳು. ನೆನೆದ ಕಡಲೆ ಬೋಗುಣಿಯಲ್ಲಿ ಹಾಗೇ ಇತ್ತು. ಬಾ, ಕೂತ್ಕೋ ಎಂದಳು, ಸ್ಟೂಲು ಕೂಡ ಎಳೆದು ಕೊಟ್ಟಳು. ಪರವೂರಿನ ನೆಂಟರಿಗೆ ಕೊಡುವ ಹಾಗೆ.

"ಅಲ್ಲಾಲ್ ಇನ್ನೂ ಬಂದಿಲ್ವಾ?" ಎಂದಳು.

"ಬರಲ್ಲ."

"ಪಾಪ. ಪ್ಲಮ್ ಸಿಗಲಿಲ್ವೇನೋ."

ತಾಮು ತಲೆ ತಗ್ಗಿಸಿದಳು. ನಾನು ಹಾಗೆ ಹೇಳಬಾರದಿತ್ತು ಎಂದು ಏನೋ ಶುರು ಮಾಡಿದಳು. ಯಮ್ನಾ ಕೈಯೆತ್ತಿ ತಡೆದಳು. ತಾಳು, ನೀನು ಏನು ಹೇಳಿದೀಯ ಅಂತ ನೀನೂ ಕೇಳು ಎಂದು ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದಳು.

ತನ್ನ ದನಿಯನ್ನು ತಾಮು ಹೀಗೆ, ಇನ್ನೊಬ್ಬರ ಮನೆಯಲ್ಲಿ ಕೂತು, ಎಂದೂ ಕೇಳಿರಲಿಲ್ಲ. ಅಷ್ಟು ಗಟ್ಟಿ ದನಿ ತನ್ನದೇ? ರೈಲು, ಟ್ಯಾಕ್ಸಿ, ಸೇತುವೆ, ರೊಟ್ಟಿ ಒಲೆ, ಕಂಬಳಿ ಎಲ್ಲವೂ ಒಂದರ ಹಿಂದೆ ಒಂದು ಬಂದವು. ನಿಲ್ಲಿಸು ಎಂದು ಬಾಯಿಗೆ ಬಂತು, ಹೇಳಲಿಲ್ಲ. ಊಟದ ಮಾತು ಬಂದಾಗ ಆ ದನಿ ಸ್ವಲ್ಪ ಮೇಲೇರಿತು. ಹೇಳುವವಳಿಗೆ ಅದರಲ್ಲಿ ಸಂತೋಷವಿತ್ತು. ಎಲ್ಲಕ್ಕಿಂತ ತಾಮುವಿಗೆ ಅದೇ ಚುಚ್ಚಿತು. ಅತ್ತೆಯ ಮೈ ಇನ್ನೂ ಆರಿರಲಿಲ್ಲ, ಪಕ್ಕದ ಕೋಣೆಯಲ್ಲಿ ನಿಂತು ತಾನು ಸಂತೋಷಪಟ್ಟಿದ್ದಳು.

ಮಾತು ಮುಗಿಯಿತು. ಯಮ್ನಾ ಫೋನು ಮಗುಚಿಟ್ಟಳು.

"ದಾರಿ ಚೆನ್ನಾಗಿ ಹೇಳಿದೀಯ," ಎಂದಳು. "ಕುರುಡನೂ ಬಂದು ತಲುಪ್ತಾನೆ."

"ಯಮ್ನಾ, ಆ ದಿನ ನಾನು ಎರಡು ಸಲ ಹಾಕಿಸ್ಕೊಂಡು ತಿಂದಿದ್ದೆ. ನೀನೇ ಹಾಕಿದೆ."

"ಗೊತ್ತು. ನೆನಪಿದೆ. ಅದಕ್ಕೇ ನನಗೆ ಅರ್ಥ ಆಗಲಿಲ್ಲ." ಅವಳು ಕಡಲೆಯ ಬೋಗುಣಿಯನ್ನು ಹತ್ತಿರ ಎಳೆದುಕೊಂಡಳು. "ಈ ಮಾತು ಹುಟ್ಟಿದ್ದು ನಿನ್ನ ಬಾಯಲ್ಲಲ್ಲ, ಅದೂ ಗೊತ್ತು. ಯಾರದು ಅಂತ ನಾನು ಕೇಳಲ್ಲ."

ತಾಮು ಅಳುತ್ತ, ಹೇಗಾದರೂ ಮಾಡಿ ಒಲೆ ಹಚ್ಚಿ, ನನಗಾಗಿ ಬೇಡ, ಲಲ್ಲಾ ಹನಿಯಾಗಾಗಿ ಎಂದು ಬೇಡಿಕೊಂಡಳು. ಯಮ್ನಾ ಇಲ್ಲ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಕಡಲೆಯ ನೀರಿನಲ್ಲಿ ಬೆರಳಾಡಿಸುತ್ತ ನಿಧಾನವಾಗಿ ಹೇಳಿದಳು. ಬೆಳಿಗ್ಗೆ ಕಣ್ಣೊರೆಸಿಕೊಳ್ಳುವ ಮೊದಲೇ ತಾನು ಕಡಲೆ ನೆನೆ ಹಾಕಿದ್ದು. ಓಣಿಯ ಪ್ರತಿ ಮನೆಯಲ್ಲೂ ಅದೇ ಆಗಿತ್ತು. ಆಮೇಲೆ ಸುದ್ದಿ ಬಂತು. ಸಾವಿನ ಮನೆಯವರೇ ಬೇಡ ಎಂದ ಮೇಲೆ ತಟ್ಟೆ ಹೊತ್ತು ಬಂದರೆ ಅದು ಊಟ ಕೊಟ್ಟ ಹಾಗಲ್ಲ, ಮುಖಕ್ಕೆ ಹೊಡೆದ ಹಾಗೆ.

"ನನ್ನ ಅಡುಗೆಮನೆಗೆ ಬಂದು ಅತ್ತರೆ ನನಗೊಬ್ಬಳಿಗೆ ಕೇಳಿಸ್ತು," ಎಂದಳು. "ರಹ್ಮಾಗೆ ಕೇಳಿಸಲಿಲ್ಲ. ಕಾಸಾದಲ್ಲಿ ನನ್ನ ಮಗಳ ಅತ್ತೆ ಮನೆಯವರೆಲ್ಲ ಕೂತು ಕೇಳಿದಾರೆ ತಾಮು, ಅವರಿಗೆ ಕೇಳಿಸಲಿಲ್ಲ. ಹೋದ ಮಾತು ಎಷ್ಟು ಕಿವಿಗೆ ಬಿತ್ತೋ ಅಷ್ಟು ಕಿವಿಗೂ ಇನ್ನೊಂದು ಬೀಳಬೇಕು. ಆಮೇಲೆ ನೋಡೋಣ."

ತಾಮು ಕಣ್ಣು ಮುಚ್ಚಿದಳು. ಈ ಹೊತ್ತಿಗೆ ಅವರೆಲ್ಲ ರೈಲಿನಲ್ಲಿರುತ್ತಾರೆ. ಬತೂಲ್, ಘಿಜ್ಲಾನ್, ಬತೂಲಳ ಗಂಡ. ಅಕ್ಕಪಕ್ಕದ ಸೀಟಿನವರೂ ಕೇಳುತ್ತಾರೆ. ಫ್ರಾನ್ಸಿನಲ್ಲಿರುವ ಕಿರಿಯ ಮೈದುನ ಕೇಳುತ್ತಾನೆ. ಅತ್ತಿಗೆಯ ಮಾತೆಂದರೆ ಮಾತು ಎನ್ನುವವನು. ಯಮ್ನಾ ಲೋಟದಲ್ಲಿ ನೀರು ಕೊಟ್ಟಳು. ಕುಡಿದು, ತನ್ನ ಫೋನು ತೆಗೆದು ಬೆರಳೊತ್ತಿದಳು.

"ನಾನು ತಾಮು. ಬೆಳಿಗ್ಗೆ ಹೇಳಿದ ಹೊತ್ತು, ಜಾಗ, ದಾರಿ ಎಲ್ಲಾ ಹಾಗೇ. ಅದರಲ್ಲಿ ಬದಲಿಲ್ಲ. ಊಟದ ಮಾತು ಸುಳ್ಳು. ಅಲ್ಲಾಲ್ ಒಪ್ಪಿರಲಿಲ್ಲ, ಒಪ್ಪಿದ ಅಂತ ನಾನೇ ಅಂದ್ಕೊಂಡೆ. ಅವನು ಬರಲ್ಲ. ಇನ್ನೊಂದು ಮಾತು. ಲಾರ್ಬಿ ಹೋದ ದಿನ ಓಣಿಯವರು ತಂದ ಊಟವನ್ನ ನಾನು ನಾಚಿಕೆ ಅಂತ ಕರೆದೆ. ಆ ಮಾತು ನಂದು, ಬೇರೆ ಯಾರದೂ ಅಲ್ಲ. ಅವತ್ತು ಆ ಊಟ ಇಲ್ಲದೇ ಇದ್ದಿದ್ದರೆ ನನ್ನ ಹೊಟ್ಟೆಗೆ ಏನೂ ಇಳೀತಿರಲಿಲ್ಲ. ಈಗ ಓಣಿಯವರ ಒಲೆ ಆರಿದೆ, ನನ್ನಿಂದಲೇ ಆರಿದೆ. ಅವರು ಏನು ಕೊಟ್ಟರೂ ಅದು ಅವರ ದೊಡ್ಡತನ. ಕೊಡದೇ ಇದ್ದರೆ ನೀವು ಹಸಿದು ಮಲಗಬೇಕಾಗುತ್ತೆ, ಅದಕ್ಕೂ ಕಾರಣ ನಾನು. ಫೆಸ್‌ನಲ್ಲಿ ಇಳಿದಾಗ ಏನಾದರೂ ತಿಂದ್ಕೊಂಡು ಬನ್ನಿ. ಘಿಜ್ಲಾನ್, ಬೆಳಗಿನ ಸುದ್ದಿ ಯಾರ್ಯಾರಿಗೆ ಕಳಿಸಿದೆಯೋ ಅವರಿಗೆಲ್ಲ ಇದನ್ನೂ ಕಳಿಸು ಮಗಳೇ. ಒಬ್ಬರನ್ನೂ ಬಿಡಬೇಡ."

ಬೆರಳು ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆ ಸುಮ್ಮನಿದ್ದ ಹೊತ್ತೂ ಸುದ್ದಿಯೊಳಗೆ ಸೇರಿ ಹೋಯಿತು.

ಬಾಂಗು ಆಗೋ ಹೊತ್ತಾಯ್ತು, ಮನೆಗೆ ನಡಿ, ಮುದುಕೀನ ಒಬ್ಬಳೇ ಬಿಡಬೇಡ ಎಂದಳು ಯಮ್ನಾ, ಅಷ್ಟೆ. ತಾಮು ಹೊಸ್ತಿಲು ದಾಟುವಾಗ ಹಿಂದಿನಿಂದ ಅನಿಲದ ಒಲೆಯ ಕಿವಿ ತಿರುಗಿಸಿದ ಸದ್ದು ಕೇಳಿದಳೋ, ಕೇಳಿದೆ ಎಂದುಕೊಂಡಳೋ ಅವಳಿಗೇ ತಿಳಿಯಲಿಲ್ಲ.

ಕಾಸಾಬ್ಲಾಂಕಾದವರು ಅಸರ್ ಬಾಂಗಿಗೆ ಸ್ವಲ್ಪ ಮೊದಲು ಬಂದು ಮುಟ್ಟಿದರು. ಪೆಟ್ಟಿಗೆ ಯಾರೂ ತಂದಿರಲಿಲ್ಲ, ಎಲ್ಲರ ಬಗಲಲ್ಲೂ ಕಂಬಳಿ, ಕೈಯಲ್ಲಿ ಸಕ್ಕರೆ. ಬತೂಲ್ ತಾಯಿಯ ಹಣೆಗೆ ಮುತ್ತಿಟ್ಟು ಸದ್ದಿಲ್ಲದೆ ಅತ್ತಳು. ಗಂಡಸರು ಹೆಗಲು ಕೊಟ್ಟರು. ಕಲಿಮಾ ಹೇಳುವ ದನಿ ರೊಟ್ಟಿ ಒಲೆಯ ತಿರುವಿನವರೆಗೂ ಕೇಳಿಸಿ ಆಮೇಲೆ ನಿಂತಿತು. ಹೆಂಗಸರೆಲ್ಲ ಗೋಡೆಗೊರಗಿ ಕೂತರು. ಬತೂಲ್ ತಾಮುವಿನ ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಎಂದು ತಾಮು ಕಾದಳು. ಬತೂಲ್ ತನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದಳು.

"ರೈಲಲ್ಲಿ ಎಲ್ಲರೂ ಕೇಳಿದ್ರು," ಎಂದಳು ಕೊನೆಗೆ, ಬರೀ ತಾಮುವಿಗೆ ಕೇಳುವಷ್ಟು. "ಘಿಜ್ಲಾನ್ ನನ್ನ ಮುಖ ನೋಡಿದ್ಳು. ಅವಳಿಗೆ ಗೊತ್ತು ಆ ಮಾತು ಯಾರದು ಅಂತ. ನಾನು ಕಿಟಕಿ ಕಡೆ ತಿರುಗಿಬಿಟ್ಟೆ."

ಇಬ್ಬರ ಹೊರೆಯೂ ಒಂದೇ ಎಂದು ತಿಳಿದರೂ ತಾಮುವಿನದೇನೂ ಹಗುರಾಗಲಿಲ್ಲ.

ಗಂಡಸರು ಮಣ್ಣು ಕೊಟ್ಟು ಬಂದರು. ಕತ್ತಲಾಯಿತು. ಕುರಾನ್ ಓದುವವರು ಮೌಲೂದನ ಜೊತೆ ಮುಂದಿನ ಕೋಣೆಯಲ್ಲಿ ಕೂತು ಓದಿದರು. ಓದಿ ಮುಗಿಯಿತು, ದುವಾ ಆಯಿತು, ಕೈಗಳು ಮುಖದ ಮೇಲೆ ಇಳಿದವು. ಆ ಹೊತ್ತಿಗೆ ತಟ್ಟೆಗಳು ಒಳಗೆ ಬರಬೇಕಾಗಿತ್ತು. ಬರಲಿಲ್ಲ. ಓದುವವರಲ್ಲಿ ಹಿರಿಯವನು ಒಮ್ಮೆ ಕೆಮ್ಮಿದ. ಮೌಲೂದ್ ಬಾಗಿಲ ಕಡೆ ನೋಡಿದ, ಆಮೇಲೆ ನೋಡದ ಹಾಗೆ ಇದ್ದ. ಯಾರೋ ಹವಾಮಾನದ ಮಾತು ತೆಗೆದರು. ತಾಮು ಒಳಕೋಣೆಯ ಪರದೆಯ ಹಿಂದೆ ನಿಂತಿದ್ದಳು, ಆ ಸುಮ್ಮನೆ ಕಾಯುವ ಗಂಡಸರ ಒಂದೊಂದು ಕೆಮ್ಮೂ ಅವಳ ಬೆನ್ನ ಮೇಲೆ ಬೀಳುತ್ತಿತ್ತು. ಓದುವವರು ಏಳಲು ಮಂಡಿಯ ಮೇಲೆ ಕೈಯಿಟ್ಟರು.

ಆಗ ಓಣಿಯಲ್ಲಿ, ದಾರಿ ಬಿಡಿ, ದಾರಿ ಬಿಡಿ, ಕೈ ಸುಡುತ್ತೆ ಎಂಬ ಯಮ್ನಾಳ ದನಿ ಕೇಳಿಸಿತು.

ಹೊತ್ತು ಸಾಲದೆ ಮಾಡಿದ ಅಡುಗೆ ಅದು. ಕುಸ್‌ಕುಸ್‌ಗೆ ಹಬೆ ಪೂರ್ತಿ ತಾಗಿರಲಿಲ್ಲ, ಅಲ್ಲಲ್ಲಿ ಉಂಡೆ ಕಟ್ಟಿತ್ತು. ಕಡಲೆ ಗಟ್ಟಿಯಾಗಿತ್ತು. ಮೇಲೆ ಕುಂಬಳ, ಟರ್ನಿಪ್ ಗೆಡ್ಡೆ, ಯಾರದೋ ಮನೆಯಲ್ಲಿ ಉಳಿದಿದ್ದ ಒಂದಿಷ್ಟು ಮಾಂಸದ ಚೂರು. ಒಬ್ಬಳು ಮೊಟ್ಟೆ ಬೇಯಿಸಿ ತಂದಿದ್ದಳು, ಇನ್ನೊಬ್ಬಳು ಆಲಿವ್ ಕಾಯಿ ಮತ್ತು ರೊಟ್ಟಿ. ರಹ್ಮಾ ತನ್ನ ತಟ್ಟೆಯ ಜೊತೆ ಒಂದು ಸಣ್ಣ ಬಟ್ಟಲಲ್ಲಿ ಉಪ್ಪನ್ನೂ ತಂದು, ಬೇಕಾದವರು ಹಾಕ್ಕೊಳ್ಳಿ, ಈ ಮನೆಯವರ ನಾಲಿಗೆ ಸೂಕ್ಷ್ಮ ಎಂದು ಗಂಡಸರ ಕೋಣೆಗೂ ಕೇಳುವ ಹಾಗೆ ಹೇಳಿ ಇಟ್ಟಳು. ಯಾರೋ ನಕ್ಕು, ಸಾವಿನ ಮನೆ ಎಂದು ನೆನಪಾಗಿ ನಿಲ್ಲಿಸಿದರು.

ಎಲ್ಲರೂ ತಿಂದರು. ಪ್ರಯಾಣ ಮಾಡಿ ಬಂದವರು ಹಸಿದವರ ಹಾಗೇ ತಿಂದರು. ಫೆಸ್‌ನಲ್ಲಿ ತಿಂದುಕೊಂಡು ಬನ್ನಿ ಎಂದು ಹೇಳಿದ್ದರೂ ಒಬ್ಬರೂ ತಿಂದು ಬಂದಿರಲಿಲ್ಲ. ಬತೂಲ್ ತನ್ನ ಮುಂದಿನ ಉಂಡೆ ಕಟ್ಟಿದ ಕುಸ್‌ಕುಸನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಪೂರ್ತಿ ಮುಗಿಸಿದಳು. ಯಮ್ನಾ ತಾಮುವಿನ ಮುಂದೆ ಮಾಂಸದ ಚೂರೊಂದನ್ನು ದೂಡಿದಳು. ತಾಮು ಅದನ್ನು ಮುಟ್ಟಲಿಲ್ಲ. ತಿನ್ನು, ನೋಡ್ತಿದಾರೆ ಎಂದಳು ಯಮ್ನಾ ಮೆಲ್ಲಗೆ. ತಿಂದಳು.

ಕೈ ತೊಳೆದು ಚಹಾ ಬಂದ ಮೇಲೆ ಮೂರನೇ ದಿನದ ಮಾತೆದ್ದಿತು. ಊಜ್ದಾದಿಂದ ಲಲ್ಲಾ ಹನಿಯಾಳ ತಂಗಿ ಇನ್ನೂ ಬಂದಿರಲಿಲ್ಲ, ಫ್ರಾನ್ಸಿನ ಮಗ ನಾಳೆ ವಿಮಾನ ಹತ್ತುವವನಿದ್ದ, ತಡವಾಗಿ ಸುದ್ದಿ ತಿಳಿದವರು ಇನ್ನೂ ಎಷ್ಟೋ ಜನ. ಅವರಿಗೆಲ್ಲ ಹೇಳಿ ಕಳಿಸಬೇಕು. ತಾಮು, ಇನ್ನು ನನ್ನಿಂದಾಗಲ್ಲ, ಘಿಜ್ಲಾನ್ ಹೇಳಲಿ, ಓದಿದ ಹುಡುಗಿ ಎಂದಳು. ಘಿಜ್ಲಾನ್ ಫೋನು ಎತ್ತಿಕೊಳ್ಳಲು ಹೋದಳು.

"ಇಡು ಅದನ್ನ," ಎಂದಳು ಯಮ್ನಾ. ಆಮೇಲೆ ತಾಮುವಿನ ಕಡೆ ತಿರುಗಿ, "ಕೆಡಿಸಿದ ಬಾಯಿಗೇ ಕೆಲಸ. ಮೂಲೇಲಿ ಬಾಗಿಲು ಹಾಕ್ಕೊಂಡಲ್ಲ, ಇಲ್ಲೇ ಹೇಳು. ನಾವು ಕೇಳ್ತೀವಿ."

ಹೆಂಗಸರೆಲ್ಲ ಚಹಾ ಲೋಟ ಕೆಳಗಿಟ್ಟರು. ತಾಮು ಬೆರಳೊತ್ತಿದಳು. ಮೂರನೇ ದಿನ ಬೆಳಿಗ್ಗೆ ಹೆಂಗಸರು ಕಬರಸ್ಥಾನಕ್ಕೆ ಹೋಗುವುದು, ಬಡವರಿಗೆ ಹಂಚಲು ರೊಟ್ಟಿ ಮತ್ತು ಒಣ ಅಂಜೂರ ತರುವುದು, ಗೋರಿಗೆ ಹಾಕಲು ನೀರಿನ ಸೀಸೆ, ಕಲ್ಲು ದಾರಿಗೆ ಚಪ್ಪಟೆ ಚಪ್ಪಲಿ. ಎಲ್ಲ ಹೇಳಿದಳು, ನಿಧಾನವಾಗಿ, ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತ. ರಾತ್ರಿಯ ಊಟ ಎಂಬಲ್ಲಿಗೆ ಬಂದು ಅವಳ ದನಿ ನಿಂತುಹೋಯಿತು. ಬೆರಳು ಒತ್ತಿಯೇ ಇತ್ತು. ಯಮ್ನಾಳನ್ನು ನೋಡಿದಳು.

"ಅದು ನಿಮ್ಮನೇದು," ಎಂದಳು ಯಮ್ನಾ. "ಹೇಳು."

"ರಾತ್ರಿ ಊಟ ನಮ್ಮ ಮನೇಲಿ," ಎಂದಳು ತಾಮು. "ಓಣಿಯವರೂ ಬರ್ತಾರೆ." ಕುರಿಯ ಮಾತಿಲ್ಲ, ಪ್ಲಮ್‌ನ ಮಾತಿಲ್ಲ. ದನಿ ಎಷ್ಟು ಕೆಳಗಿಳಿದಿತ್ತೆಂದರೆ ಪಕ್ಕದಲ್ಲಿದ್ದ ಬತೂಲಳಿಗೂ ಸರಿಯಾಗಿ ಕೇಳಲಿಲ್ಲ.

ಯಮ್ನಾ ತಲೆಯಾಡಿಸಿದಳು. ಊಜ್ದಾದ ಮುದುಕಿಗೆ ಕಿವಿ ಮಂದ, ಹೀಗೆ ಮೆಲ್ಲಗೆ ಹೇಳಿದರೆ ಅವಳಿಗೆ ಏನು ತಿಳಿಯುತ್ತೆ, ಅಳಿಸಿ ಮೊದಲಿನಿಂದ ಹೇಳು ಎಂದಳು. ತಾಮು ಒತ್ತಿದ ಬೆರಳನ್ನು ಪಕ್ಕಕ್ಕೆ ಜಾರಿಸಿ ಅದನ್ನು ಅಳಿಸಿ, ಗಂಟಲು ಸರಿ ಮಾಡಿಕೊಂಡು, ಎಲ್ಲರ ಮುಂದೆ ಮತ್ತೆ ಮೊದಲಿನಿಂದ ಶುರು ಮಾಡಿದಳು.